ಕುದುರೆಯೂ ಇದೆ, ಶುಲ್ಕದ ಪಟ್ಟಿಯೂ ಇದೆ

ಡೊನೇಷನ್ ತಗೊಂಡರೆ ಕಠಿಣ ಕ್ರಮ ಅಂತ ಈ ವರ್ಷವೂ ಪೇಪರಿನಲ್ಲಿ ಬಂತು. ಓದಿ ಖುಷಿಯಾಯಿತು. ಮಾವಿನಹಣ್ಣಿನ ಜೊತೆಗೇ ಬರುವ ಸುದ್ದಿ, ತಪ್ಪಿಸಿಕೊಂಡದ್ದೇ ಇಲ್ಲ.

ಅದೇ ವಾರ ನಮ್ಮ ಭಾವ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಎರಡು ಶಾಲೆಯ ಪ್ರಾಸ್ಪೆಕ್ಟಸ್ ಹಿಡಿದು ಬಂದರು. ಒಂದೊಂದಕ್ಕೆ ಸಾವಿರ ರೂಪಾಯಿ. ಮೊದಲನೆಯದರ ಮುಖಪುಟದಲ್ಲಿ ಹುಡುಗಿಯೊಬ್ಬಳು ಕುದುರೆ ಸವಾರಿ ಮಾಡುತ್ತಿದ್ದಾಳೆ. ಆ ಶಾಲೆ ನಾನು ನೋಡಿದ್ದೇನೆ, ಅರವತ್ತು ನಲವತ್ತರ ಸೈಟಿನಲ್ಲಿ ನಾಲ್ಕು ಮಹಡಿ. ಕುದುರೆ ಇದ್ದರೆ ಲಿಫ್ಟಿನಲ್ಲೇ ಹತ್ತಿಸಬೇಕು, ಲಿಫ್ಟೂ ಇಲ್ಲ.

"ಇದೇ ಅಗ್ಗ ಕಣಯ್ಯ, ಎಂಬತ್ತನಾಲ್ಕು ಸಾವಿರ. ಆ ಇನ್ನೊಂದು ಒಂದು ಲಕ್ಷದ ಇಪ್ಪತ್ತು" ಅಂದರು ಭಾವ.

"ಭಾವ, ಅದು ಬರೀ ಟ್ಯೂಷನ್ ಫೀ. ಪುಟ ತಿರುಗಿಸಿ" ಅಂದೆ.

ತಿರುಗಿಸಿದರೆ ಅಡ್ಮಿಷನ್ 45,000, ಸೇರದಿದ್ದರೂ ವಾಪಸ್ ಇಲ್ಲ. ಅಭಿವೃದ್ಧಿ ಶುಲ್ಕ 12,000. ಯಾರ ಅಭಿವೃದ್ಧಿ ಅಂತ ಬರೆದಿಲ್ಲ. ಸ್ಮಾರ್ಟ್ ಕ್ಲಾಸ್ 8,000, ಪುಸ್ತಕ ಯೂನಿಫಾರಂ 18,000, ಅದೂ ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕು. ವ್ಯಾನಿಗೆ ತಿಂಗಳಿಗೆ 2,800. ಬೇಸಿಗೆ ರಜೆಯಲ್ಲಿ ವ್ಯಾನು ನಿಂತಿರುತ್ತದೆ, ದುಡ್ಡು ಮಾತ್ರ ಹನ್ನೆರಡು ತಿಂಗಳೂ ಓಡುತ್ತದೆ. ಡೆಪಾಸಿಟ್ 10,000 ವಾಪಸ್ ಬರುತ್ತದೆ, ಬಿಡುವಾಗ ಅಸಲು ರಸೀದಿ ತೋರಿಸಿದರೆ. ಹತ್ತು ವರ್ಷ ಯಾರು ಇಟ್ಟುಕೊಂಡಿರುತ್ತಾರೆ?

ಕೂಡಿದರೆ ಮೊದಲ ವರ್ಷ 2,10,600. "ದುಬಾರಿ" ಶಾಲೆಯದು ವ್ಯಾನು, ಪುಸ್ತಕ ಎಲ್ಲ ಸೇರಿ 1,68,000. ಎರಡನೇ ವರ್ಷದಿಂದ ಅಡ್ಮಿಷನ್ನೂ ಡೆಪಾಸಿಟ್ಟೂ ಇರುವುದಿಲ್ಲ, ಆಗ ಎರಡೂ ಹೆಚ್ಚುಕಡಿಮೆ ಒಂದೇ. ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಸುತ್ತಾರೆ ಅನ್ನುವುದನ್ನು ಎರಡರಲ್ಲೂ ಛಾಪಿಸಿಲ್ಲ. ಅದನ್ನು ಹೋಗಿ ಕೇಳಿ, ಹೋದ ವರ್ಷದ ರಸೀದಿ ಯಾರಾದರೂ ಪೋಷಕರ ಹತ್ತಿರ ಇಸ್ಕೊಂಡು ನೋಡಿ ಅಂದೆ.

"ಸಂದರ್ಶನವೂ ಇದೆಯಂತೆ, ಅದಕ್ಕೆ ಸಂವಾದ ಅಂತಾರೆ" ಅಂದರು. ನನಗೆ ನಗು ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷಿಸಿ ಆರಿಸಬಾರದು ಅನ್ನುತ್ತದೆ. ಮೊದಲ ಸಲ ತಪ್ಪಿದರೆ 25,000ದವರೆಗೆ ದಂಡ. ಶಾಲೆ ಪ್ರಕಟಿಸಿದ ಶುಲ್ಕ ಬಿಟ್ಟು ಬೇರೆ ಏನು ವಸೂಲಿ ಮಾಡಿದರೂ ಅದು ಕ್ಯಾಪಿಟೇಷನ್, ಅದರ ಹತ್ತು ಪಟ್ಟಿನವರೆಗೆ ದಂಡ. ಇಷ್ಟೆಲ್ಲ ಬರೆದಿಟ್ಟಿರುವ ದೇಶದಲ್ಲಿ ಆರು ವರ್ಷದ ಮಗು ಅಪ್ಪನ ಸಂಬಳದ ಸ್ಲಿಪ್ಪಿನ ಪಕ್ಕ ಕೂತು ಬಣ್ಣಗಳ ಹೆಸರು ಒಪ್ಪಿಸಬೇಕು. ಸಾಕಾಗಿ ಹೋಗಿದೆ. ದೂರು ಕೊಟ್ಟರೆ ಮಗು ಅಲ್ಲೇ ಓದಬೇಕಲ್ವಾ ಅನ್ನುವ ಹೆದರಿಕೆಯ ಮೇಲೆ ಈ ಇಡೀ ವ್ಯಾಪಾರ ನಿಂತಿದೆ.

ಭಾವ ಎಲ್ಲ ಕೇಳಿಸಿಕೊಂಡರು. ಲೆಕ್ಕದ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮೊದಲನೆಯ ಪ್ರಾಸ್ಪೆಕ್ಟಸ್ ಎತ್ತಿಕೊಂಡು, "ಆದ್ರೂ ಪಾಪು ಈ ಕುದುರೆ ನೋಡಿಬಿಟ್ಟಿದ್ದಾಳೆ" ಅಂದರು.