ಯಂತ್ರ ಕೊಡುವ ಅಂಕ: ಒಂದು ಸ್ಪಷ್ಟನೆ

"ಕಂಪ್ಯೂಟರ್ ಪ್ರಬಂಧ ತಿದ್ದಿದರೆ ಪಕ್ಷಪಾತವಿಲ್ಲ, ಒಂದೇ ಉತ್ತರಕ್ಕೆ ಯಾವಾಗಲೂ ಒಂದೇ ಅಂಕ. ಇನ್ನು ಮೌಲ್ಯಮಾಪಕರೇ ಬೇಡ."

ಹೀಗೊಂದು ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಕಳೆದ ವಾರ ನಾನೂ ಹಂಚಿದ್ದೆ, ಈಗ ಅಳಿಸಿದ್ದೇನೆ.

ಪ್ರಬಂಧಕ್ಕೆ ಅಂಕ ಕೊಡುವ ಕಂಪ್ಯೂಟರ್ ಮಾದರಿಗಳು ಮೌಲ್ಯಮಾಪಕರು ಹಿಂದೆ ತಿದ್ದಿದ ಪ್ರಬಂಧಗಳನ್ನು ನೋಡಿ, ಯಾವ ಲಕ್ಷಣಗಳಿಗೆ ಹೆಚ್ಚು ಅಂಕ ಬಿದ್ದಿದೆ ಎಂಬುದನ್ನು ಕಲಿಯುತ್ತವೆ: ಉದ್ದ, ಅಪರೂಪದ ಪದ, ವಾಕ್ಯದ ಹೆಣಿಗೆ. ತಿದ್ದಿದವರ ಒಲವುಗಳೂ ಅದರ ಜೊತೆಗೇ ಬರುತ್ತವೆ. ಅಮೆರಿಕದ ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಇದರ ಪೊಳ್ಳನ್ನು ಬಯಲು ಮಾಡಿದರು. 2014ರಲ್ಲಿ ವಿದ್ಯಾರ್ಥಿಗಳೊಂದಿಗೆ ಅವರು ರೂಪಿಸಿದ ‘ಬೇಬಲ್’ ತಂತ್ರಾಂಶಕ್ಕೆ ಒಂದೆರಡು ಪದ ಕೊಟ್ಟರೆ ಸಾಕು, ಗಂಭೀರವಾಗಿ ಕೇಳಿಸುವ ಅಸಂಬದ್ಧ ಪ್ರಬಂಧವೊಂದು ಸಿದ್ಧ. ತಲೆಬುಡವಿಲ್ಲದ ಆ ಬರಹಕ್ಕೂ ಯಂತ್ರಗಳು ಕೈತುಂಬ ಅಂಕ ಕೊಟ್ಟವು. ಟೋಫೆಲ್, ಜಿಆರ್‌ಇ ಪರೀಕ್ಷೆಗಳನ್ನು ನಡೆಸುವ ಇಟಿಎಸ್ ಸಂಸ್ಥೆಯ ಸ್ವಂತ ಸಂಶೋಧಕರೇ ಪ್ರಬಂಧ ತಿದ್ದುವ ತಮ್ಮ ತಂತ್ರಾಂಶ ‘ಇ-ರೇಟರ್’ ಚೀನಾದ ಅಭ್ಯರ್ಥಿಗಳಿಗೆ ಮೌಲ್ಯಮಾಪಕರಿಗಿಂತ ಸರಾಸರಿ ಹೆಚ್ಚು ಅಂಕ ನೀಡಿದ್ದನ್ನು ಪ್ರಕಟಿಸಿದ್ದಾರೆ.

"ಒಂದೇ ಅಂಕ" ಎಂಬ ಮಾತು ಹಳೆಯ ಮಾದರಿಗಳ ಮಟ್ಟಿಗೆ ನಿಜ. ಚಾಟ್‌ಜಿಪಿಟಿಯಂಥ ಈಗಿನ ಭಾಷಾ ಮಾದರಿಗಳು ಮುಂದಿನ ಪದವನ್ನು ಸಂಭವನೀಯತೆಯ ಮೇಲೆ ಆಯುತ್ತವೆ. ಹಾಗಾಗಿ ಬೆಳಿಗ್ಗೆ 6 ಅಂಕ ಪಡೆದ ಉತ್ತರಕ್ಕೆ ಸಂಜೆ 7 ಬರಬಹುದು. ಅನುಮಾನವಿದ್ದರೆ ಒಂದೇ ಉತ್ತರವನ್ನು ಐದು ಸಲ ಕೊಟ್ಟು ನೋಡಿ, ಬಳಿಕ ಅರ್ಥ ಬದಲಿಸದೆ ಉದ್ದ ಮಾಡಿ ಇನ್ನೊಮ್ಮೆ ಕೊಡಿ.

ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ಅನುಸರಿಸಿದ ಕ್ರಮವೂ ಗಮನಿಸುವಂಥದ್ದು: ಮೌಲ್ಯಮಾಪಕರ ಅಂಕಕ್ಕೂ ಯಂತ್ರದ ಅಂಕಕ್ಕೂ ತಾಳೆಯಾಗದಿದ್ದರೆ ಇನ್ನೊಬ್ಬ ಮೌಲ್ಯಮಾಪಕರು ಓದುತ್ತಾರೆ, ಅಂತಿಮ ಅಂಕ ಆ ಇಬ್ಬರದೇ ಸರಾಸರಿ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳುಹಿಸಬೇಡಿ.