ಪದಶುದ್ಧಿ ಉಪಸಮಿತಿ ಮತ್ತು ನೀಲಿ ಸೈಕಲ್

ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಈಚೆಗೆ ಪದಶುದ್ಧಿ ಉಪಸಮಿತಿಯೊಂದು ಹುಟ್ಟಿಕೊಂಡಿದೆ. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವುದೇ ಸಮುದಾಯವನ್ನಾಗಲಿ ಹೆಣ್ಣುಮಕ್ಕಳನ್ನಾಗಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಮಾತು ಕಂಡರೆ, ಅದನ್ನು ತಿದ್ದಿ ತಟಸ್ಥ ಭಾಷೆಯಲ್ಲಿ ಮರಳಿ ಹಾಕುವುದು ಅದರ ಕರ್ತವ್ಯ. ಆಧಾರಗ್ರಂಥವೂ ಘನವಾದದ್ದೇ: ಲಿಂಗಸಂಬಂಧಿ ಪೂರ್ವಗ್ರಹಗಳನ್ನು ಎದುರಿಸಲೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೊರತಂದ ಕೈಪಿಡಿ. ಅದರಲ್ಲಿ ಬಳಸಬಾರದ ಪದಗಳ ಪಟ್ಟಿಯೂ ಇದೆ, ಪೂರ್ವಗ್ರಹದಿಂದ ಹುಟ್ಟುವ ತರ್ಕ ಹೇಗೆ ದಾರಿ ತಪ್ಪಿಸುತ್ತದೆ ಎಂಬ ವಿವರಣೆಯೂ ಇದೆ. ಉಪಸಮಿತಿ ಪಟ್ಟಿಯನ್ನು ಓದಿತು, ವಿವರಣೆ ಉದ್ದವಾಗಿತ್ತು.

ಪಟ್ಟಿಯನ್ನಾದರೂ ಸಾವಧಾನವಾಗಿ ಓದಿದ್ದರೆ ಒಂದು ಸಂಗತಿ ಕಾಣುತ್ತಿತ್ತು. ‘ಕರ್ತವ್ಯನಿಷ್ಠ ಪತ್ನಿ’ ಎನ್ನುವ ಬದಲು ‘ಪತ್ನಿ’ ಎನ್ನಿ, ‘ಉದ್ಯೋಗವೇ ಮುಖ್ಯವಾದ ಹೆಣ್ಣು’ ಎನ್ನುವ ಬದಲು ‘ಮಹಿಳೆ’ ಎನ್ನಿ ಎಂಬ ಧಾಟಿಯಲ್ಲಿ ಅಲ್ಲಿನ ಹಲವು ತಿದ್ದುಪಡಿಗಳಿವೆ. ಅಂದರೆ ಅಲ್ಲಿ ನಡೆದಿರುವುದು ಬಹುಮಟ್ಟಿಗೆ ಕತ್ತರಿಯ ಕೆಲಸ. ನಮ್ಮವರು ಕೈಗೆತ್ತಿಕೊಂಡದ್ದು ಬಣ್ಣದ ಕುಂಚ.

ಉಪಸಮಿತಿಯ ಮುಂದೆ ಬಂದ ಮೊದಲ ಪ್ರಕರಣ ಇದು: “ನನ್ನ ಮಗನ ಸೈಕಲ್ ಕಳುವಾಗಿದೆ. ಉತ್ತರದ ಹುಡುಗರು ಕಟ್ಟಡದ ಕೆಲಸಕ್ಕೆ ಬಂದ ಮೇಲೆ ಇಂಥದ್ದೆಲ್ಲ ಶುರುವಾಗಿದೆ. ಕೆಲಸದವಳನ್ನೂ ಕೇಳಿ ನೋಡಿ, ಆ ಕಡೆ ಬಂದಿದ್ದಳು. ವಾಚ್‌ಮನ್ ಆ ಜನದವನಾದರೂ ಪ್ರಾಮಾಣಿಕ, ಅವನ ಮೇಲೆ ಅನುಮಾನವಿಲ್ಲ.”

ಎರಡು ದಿನದ ಚರ್ಚೆಯ ನಂತರ ಪರಿಷ್ಕೃತ ಪಾಠ ಪ್ರಕಟವಾಯಿತು: “ನನ್ನ ಮಗನ ಸೈಕಲ್ ಕಳುವಾಗಿದೆ. ಹೊರರಾಜ್ಯದ ಶ್ರಮಿಕ ಬಂಧುಗಳು ಬಂದ ಮೇಲೆ ಇಂಥದ್ದೆಲ್ಲ ಶುರುವಾಗಿದೆ. ಗೃಹ ಸಹಾಯಕಿಯನ್ನೂ ಕೇಳಿ ನೋಡಿ, ಆ ಕಡೆ ಬಂದಿದ್ದಳು. ಭದ್ರತಾ ಸಿಬ್ಬಂದಿ ಆ ಸಮುದಾಯದವರಾದರೂ ಪ್ರಾಮಾಣಿಕರು.”

ಕಳ್ಳತನದ ಆರೋಪಕ್ಕೆ ಶಾಲು ಹೊದಿಸಿ ಹಾರ ಹಾಕಿದಂತಾಯಿತು. ‘ಬಂಧುಗಳು’ ಆದರೇನು, ‘ಬಂದ ಮೇಲೆ’ ಎಂಬ ಎರಡು ಪದಗಳು ಯಾವ ಸಾಕ್ಷಿಯೂ ಇಲ್ಲದೆ ಅವರನ್ನು ಕಟಕಟೆಗೆ ಹತ್ತಿಸಿಯೇ ಇವೆ. ಕೆಲಸದವಳಿಗೆ ಸಂಸ್ಕೃತದ ಸೀರೆ ಉಡಿಸಿದರು, ಆದರೆ ಕ್ರಿಯಾಪದ ‘ಬಂದಿದ್ದಳು’ ಎಂದೇ ಉಳಿಯಿತು. ಇದೇ ಗುಂಪಿನಲ್ಲಿ ಡಾಕ್ಟರಮ್ಮ ಎಂದೂ ‘ಬಂದಿದ್ದಳು’ ಆದದ್ದಿಲ್ಲ, ಅವರು ‘ಬಂದಿದ್ದರು’. ಕನ್ನಡದಲ್ಲಿ ತಾರತಮ್ಯ ನಾಮಪದದ ಅಂಗಳಕ್ಕಿಂತ ಕ್ರಿಯಾಪದದ ಹಿತ್ತಿಲಲ್ಲಿ ಹೆಚ್ಚು ಆರಾಮವಾಗಿ ಕುಳಿತಿರುತ್ತದೆ. ಇನ್ನು ‘ಆದರೂ’ ಎಂಬುದಂತೂ ಘಾಟಿ. ಒಬ್ಬನನ್ನು ಹೊಗಳುತ್ತಲೇ ಅವನ ಇಡೀ ಕುಲವನ್ನು ಬಯ್ಯುವ ಸಾಮರ್ಥ್ಯ ಅದಕ್ಕಿದೆ. “ಹೆಣ್ಣಾದರೂ ಬಸ್ ಚೆನ್ನಾಗಿ ಓಡಿಸುತ್ತಾರೆ” ಎಂದು ಬರೆದವರು ತಮ್ಮನ್ನು ಸ್ತ್ರೀವಾದಿಗಳೆಂದೇ ತಿಳಿದಿರುತ್ತಾರೆ.

ಪರೀಕ್ಷಿಸುವ ಉಪಾಯ ಕಷ್ಟದ್ದೇನಲ್ಲ: ಆ ಜಾಗದಲ್ಲಿ ನಮ್ಮವರನ್ನೇ ಕೂರಿಸಿ ಓದಬೇಕು. ನಾನು ಸಭೆಯಲ್ಲಿ ಓದಿದೆ: “ನಿವೃತ್ತ ಬ್ಯಾಂಕ್ ಅಧಿಕಾರಿಗಳು ಮನೆ ಕೊಂಡ ಮೇಲೆ ಇಂಥದ್ದೆಲ್ಲ ಶುರುವಾಗಿದೆ. ಅಧ್ಯಕ್ಷರು ಬ್ಯಾಂಕಿನವರಾದರೂ ಪ್ರಾಮಾಣಿಕರು.” ನಿವೃತ್ತ ಬ್ಯಾಂಕ್ ಅಧಿಕಾರಿಗಳಾದ ಅಧ್ಯಕ್ಷರು ತಕ್ಷಣ ಎದ್ದು ನಿಂತು, ಇದು ಇಡೀ ವೃತ್ತಿಗೆ ಮಾಡಿದ ಅವಮಾನವೆಂದರು. ಪರೀಕ್ಷೆ ಫಲಿಸಿತ್ತು, ಅದನ್ನು ನಡಾವಳಿಯಲ್ಲಿ ದಾಖಲಿಸಲು ಮಾತ್ರ ಅವರು ಒಪ್ಪಲಿಲ್ಲ.

ನಾನು ಮುಂದಿಟ್ಟ ಪಾಠ ಹೀಗಿತ್ತು: “ಸೋಮವಾರ ಸಂಜೆ 6ರಿಂದ 8ರ ನಡುವೆ ಎರಡನೇ ಅಡ್ಡರಸ್ತೆಯ ನಮ್ಮ ಗೇಟಿನ ಬಳಿಯಿಂದ ನೀಲಿ ಸೈಕಲ್ ಕಾಣೆಯಾಗಿದೆ. ಬೀಗ ಹಾಕಿರಲಿಲ್ಲ. ಕಂಡವರು ದಯವಿಟ್ಟು ತಿಳಿಸಿ.” ಊಹೆಯನ್ನು ತೆಗೆದ ಜಾಗದಲ್ಲಿ ಹೊತ್ತು, ಸ್ಥಳ, ಬಣ್ಣ ಬಂದವು, ‘ಕಳುವಾಗಿದೆ’ ಹೋಗಿ ‘ಕಾಣೆಯಾಗಿದೆ’ ಬಂತು, ಏಕೆಂದರೆ ಗೊತ್ತಿದ್ದದ್ದು ಅಷ್ಟೇ. ಸದಸ್ಯರೊಬ್ಬರು, “ಇದರಲ್ಲಿ ವಿಷಯವೇ ಇಲ್ಲವಲ್ಲ ಸಾರ್” ಎಂದು ತಿರಸ್ಕರಿಸಿದರು.

ಉತ್ಸಾಹ ಅಲ್ಲಿಗೆ ನಿಲ್ಲಲಿಲ್ಲ. ದಲಿತರಿಗೆ ದೇವಾಲಯದೊಳಗೆ ಬಿಡಲಿಲ್ಲ ಎಂಬ ಸುದ್ದಿಯನ್ನು ಯಾರೋ ಹಂಚಿಕೊಂಡಾಗ, ಜಾತಿಯ ಹೆಸರು ಬಂದಿದೆಯೆಂದು ಉಪಸಮಿತಿ ಅದನ್ನು “ಕೆಲವು ವ್ಯಕ್ತಿಗಳಿಗೆ ಪ್ರವೇಶ ದೊರೆಯಲಿಲ್ಲ” ಎಂದು ತಿದ್ದಿತು. ಸೈಕಲ್ಲಿನ ಸುದ್ದಿಗೆ ಬೇಕಿಲ್ಲದ ಗುರುತನ್ನು ಜತನದಿಂದ ಉಳಿಸಿಕೊಂಡವರು, ಗುರುತೇ ಕಾರಣವಾಗಿದ್ದ ಅನ್ಯಾಯದಿಂದ ಅದನ್ನು ಅಳಿಸಿಹಾಕಿದರು. ಓದಿದವರಿಗೆ, ಬಹುಶಃ ದರ್ಶನದ ವೇಳೆ ಮುಗಿದಿರಬೇಕು ಎನಿಸಿತು.

ಗುರುವಾರ ಸೈಕಲ್ಲಿನ ತಂದೆ ಮತ್ತೊಂದು ಸಂದೇಶ ಹಾಕಿದರು: “ಸೈಕಲ್ ಸಿಕ್ಕಿದೆ. ಮಗ ಟ್ಯೂಷನ್ ಮನೆಯಲ್ಲೇ ಮರೆತು ಬಂದಿದ್ದನಂತೆ. ಗಂಡುಹುಡುಗರಲ್ಲವೇ, ಅವರಿಗೆ ಎಲ್ಲಿ ಜ್ಞಾಪಕ!” ಉಪಸಮಿತಿ ಕೂಲಂಕಷವಾಗಿ ಪರಿಶೀಲಿಸಿ, ಇದರಲ್ಲಿ ಆಕ್ಷೇಪಾರ್ಹ ಪದಗಳಿಲ್ಲವೆಂದು ಪ್ರಮಾಣಪತ್ರ ನೀಡಿ, ಕೈ ಮುಗಿಯುವ ಚಿತ್ರವೊಂದನ್ನು ಅಂಟಿಸಿತು.