ಮುದ್ದೆಯ ಎಸರಿಗೆ ಯಾವ ನೀರು?

ಆ ಜಾಹೀರಾತನ್ನು ನೀವೂ ನೋಡಿರುತ್ತೀರಿ. 'ಬದಲಾವಣೆಯ ಹರಿಕಾರರು ಬೇಕಾಗಿದ್ದಾರೆ.' ಮೂರು ಸಲ ಓದಿದ ಮೇಲೆ ಕೆಲಸ ಏನು ಅಂತ ಗೊತ್ತಾಯಿತು. ಜಗಳೂರು ಕಡೆಯ ಹಳ್ಳಿಗಳಲ್ಲಿ ಫ್ಲೋರೈಡ್ ನೀರಿನ ವಿಷಯಕ್ಕೆ ಓಡಾಡಲು ಒಂದು ಸಂಸ್ಥೆಗೆ ಜನ ಬೇಕು. ಅರ್ಹತೆ, ಸಮಾಜದ ಬಗ್ಗೆ ತುಡಿತ. ಬೈಕ್ ಇದ್ದವರಿಗೆ ಆದ್ಯತೆ. ಪೆಟ್ರೋಲ್ ಯಾರದು ಅಂತ ಬರೆದಿಲ್ಲ. ಬಹುಶಃ ಅದೂ ತುಡಿತದಲ್ಲೇ ಓಡಬೇಕು.

ಆ ಸಂಸ್ಥೆಯಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಬಂದ ಅರ್ಜಿಗಳ ಕಟ್ಟು ತಂದು ನನ್ನ ಮುಂದೆ ಹಾಕಿದ. "ನೀನು ಬರೆಯೋನು, ಸ್ವಲ್ಪ ನೋಡಪ್ಪ" ಅಂದ. ಮಂಡಕ್ಕಿ ಮಿರ್ಚಿ ಅವನ ಲೆಕ್ಕಕ್ಕೆ ಅಂದಮೇಲೆ ಒಪ್ಪಿಕೊಂಡೆ. ದಾವಣಗೆರೆಯಲ್ಲಿ ಇದಕ್ಕಿಂತ ದೊಡ್ಡ ಸಂಭಾವನೆ ಇಲ್ಲ.

ಏನು ಅರ್ಜಿಗಳು ಸ್ವಾಮಿ! ಓದುತ್ತಾ ಹೋದರೆ ಜಿಲ್ಲೆಯಲ್ಲಿ ದುಃಖವೇ ಉಳಿದಿಲ್ಲ ಅನ್ನಿಸುತ್ತದೆ. ಒಬ್ಬರಿಗೆ ಸೇವೆಯೇ ಉಸಿರು. ಇನ್ನೊಬ್ಬರಿಗೆ ಉಸಿರೇ ಸೇವೆ. ಮತ್ತೊಬ್ಬರು ತಾಯಿಯ ಗರ್ಭದಲ್ಲಿದ್ದಾಗಲೇ ಸಮಾಜದ ಬಗ್ಗೆ ಚಿಂತಿಸಿದ್ದಾರೆ. ಒಬ್ಬ ಮಹಾನುಭಾವ ಏಳು ದಿನದ ಕಾಲೇಜು ಶಿಬಿರದಲ್ಲಿ ಒಂದು ಹಳ್ಳಿಯನ್ನು 'ಫ್ಲೋರೋಸಿಸ್ ಮುಕ್ತ' ಮಾಡಿ ಬಂದಿದ್ದಾನೆ! ಅದರಲ್ಲಿ ಒಂದು ದಿನ ಉದ್ಘಾಟನೆ, ಒಂದು ದಿನ ಸಮಾರೋಪ.

ಇಲ್ಲಿ ಒಂದು ಮಾತು ಹೇಳಲೇಬೇಕು. ಫ್ಲೋರೋಸಿಸ್ ಅಂದರೆ ಫ್ಲೋರೈಡ್ ಜಾಸ್ತಿ ಇರುವ ನೀರು ಹಲ್ಲಿಗೂ ಮೂಳೆಗೂ ತರುವ ಕಾಯಿಲೆ. ಫ್ಲೋರೈಡ್‌ನ ಕಂದು ಕಲೆ ಹಲ್ಲಿಗೆ ಮೇಲಿನಿಂದ ಮೆತ್ತಿಕೊಂಡದ್ದಲ್ಲ. ಹಲ್ಲು ವಸಡಿನೊಳಗೆ ತಯಾರಾಗುವಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದು ಕೂತುಬಿಡುತ್ತದೆ. ಉಜ್ಜಿದರೆ ಹೋಗಲ್ಲ. ಹನ್ನೆರಡು ವರ್ಷದ ಹುಡುಗ ಬಾಯಿ ತೆರೆದರೆ ಕಾಣುವುದು ಅವನು ಚಿಕ್ಕವನಿದ್ದಾಗ ಕುಡಿದ ನೀರು, ಇವತ್ತಿನದಲ್ಲ. ಹಾಗಾಗಿ ಏಳು ದಿನದಲ್ಲಿ ಊರನ್ನು ಮುಕ್ತ ಮಾಡಬೇಕಾದರೆ ಊರವರ ಹಲ್ಲನ್ನೇ ಕೀಳಬೇಕು. ಶಿಬಿರಾರ್ಥಿಗಳು ಅಷ್ಟು ದೂರ ಹೋಗಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ನಮ್ಮ ಪಕ್ಕದ ಮನೆ ಹುಡುಗನೂ ಅರ್ಜಿ ಹಾಕುವವನಿದ್ದ. ಎಂಎಸ್‌ಡಬ್ಲ್ಯೂ ಓದಿದವನು. ತಿದ್ದಿಸಿಕೊಳ್ಳಲು ನನ್ನ ಹತ್ತಿರ ತಂದ. ಮೊದಲ ಸಾಲು, 'ಬಾಲ್ಯದಿಂದಲೂ ನನಗೆ ಸಮಾಜಸೇವೆಯಲ್ಲಿ ಅಪಾರ ಆಸಕ್ತಿ.' ಬಾಲ್ಯದಲ್ಲಿ ಇವನ ಅಪಾರ ಆಸಕ್ತಿ ನಮ್ಮ ಕಿಟಕಿ ಗಾಜಿನ ಮೇಲಿತ್ತು. ಇರಲಿ.

"ಹಳ್ಳಿಯಲ್ಲಿ ಏನಾದರೂ ಮಾಡಿದ್ದೀಯಾ?" ಅಂತ ಕೇಳಿದೆ.

"ದೊಡ್ಡದೇನಿಲ್ಲ ಅಂಕಲ್. ಫೀಲ್ಡ್ ವರ್ಕ್‌ಗೆ ಹಾಕಿದ್ರು. ಫಿಲ್ಟರ್ ನೀರಿನ ಘಟಕದ ಹತ್ರ ಎರಡು ವಾರ ಸುಮ್ನೆ ಕೂತಿದ್ದೆ."

ಆ 'ಸುಮ್ನೆ'ಯನ್ನು ಬಿಡಿಸಲು ಎರಡು ಗಂಟೆ ಹಿಡಿಯಿತು.

ಮೊದಲು ಮನೆಮನೆಗೆ ಹೋಗಿ 'ಫಿಲ್ಟರ್ ನೀರು ಬಳಸ್ತೀರಾ?' ಅಂತ ಕೇಳಿದ್ದನಂತೆ. ಎಲ್ಲರೂ ಹೂಂ ಅಂದರು. ಹಾಳೆಯ ತುಂಬ ಹೂಂ. ವರದಿ ಅಲ್ಲಿಗೇ ಮುಗಿಯಬೇಕಿತ್ತು, ಬಹಳ ವರದಿಗಳು ಹಾಗೇ ಮುಗಿಯುತ್ತವೆ. ಆದರೆ ಘಟಕದ ಹತ್ತಿರ ಕೂತು ಕ್ಯಾನ್ ಎಣಿಸುವಾಗ ಲೆಕ್ಕ ತಾಳೆಯಾಗಲಿಲ್ಲ. ಆರು ಜನರ ಒಂದು ಮನೆ ಎರಡು ದಿನಕ್ಕೊಮ್ಮೆ ಇಪ್ಪತ್ತು ಲೀಟರಿನ ಒಂದೇ ಕ್ಯಾನ್ ಒಯ್ಯುತ್ತಿತ್ತು. ದಿನಕ್ಕೆ ಹತ್ತು ಲೀಟರ್, ತಲೆಗೆ ಒಂದೂವರೆ ಲೀಟರ್ ಚಿಲ್ಲರೆ. ಬಿಸಿಲಲ್ಲಿ ಕೂಲಿಗೆ ಹೋಗಿ ಬರುವವರಿಗೆ ಅದು ಕುಡಿಯೋಕೇ ಸಾಲದು. ಹಾಗಾದರೆ ಅಡುಗೆಗೆ ಯಾವ ನೀರು?

ಪ್ರಶ್ನೆ ಬದಲಿಸಿ ಮತ್ತೆ ಹೋದ. "ಅವ್ವಾ, ಇವತ್ತು ಮುದ್ದೆಗೆ ಎಸರಿಟ್ಟಿದ್ದು ಯಾವ ನೀರು?" ಅಂತ.

"ಬೇಳೆಗೆ ಫಿಲ್ಟರ್ ನೀರು ಕಣಪ್ಪ, ಬೇಗ ಬೇಯ್ತದೆ. ಮುದ್ದೆಗೆ ನಲ್ಲಿದೇ. ರಾಗಿಗೆ ಯಾರಾದ್ರೂ ಐದು ರೂಪಾಯಿ ನೀರು ಹಾಕ್ತಾರಾ?"

ನಲ್ಲಿಗೆ ಬರುವ ಬೋರ್‌ವೆಲ್‌ನ ಗಡಸು ನೀರಲ್ಲಿ ಬೇಳೆ ಬೇಯಲ್ಲ, ಅದು ಕಣ್ಣಿಗೆ ಕಾಣುತ್ತದೆ, ಸೌದೆಯೂ ಜಾಸ್ತಿ ಬೇಕು. ಫ್ಲೋರೈಡ್‌ಗೆ ರುಚಿ ಇಲ್ಲ, ಬಣ್ಣ ಇಲ್ಲ, ಕುದಿಸಿದರೂ ಹೋಗಲ್ಲ. ಹಾಗಾಗಿ ಅದು ಮುದ್ದೆಯೊಳಗೆ ಕೂತು ಹೊಟ್ಟೆಗೆ ಹೋಗುತ್ತದೆ. ಊರಿಗೆ ಘಟಕ ಬಂತು, ರಿಬ್ಬನ್ ಕಟ್ ಆಯಿತು, ಮುದ್ದೆ ಮಾತ್ರ ಹಳೇ ಬೋರ್‌ವೆಲ್‌ನಲ್ಲೇ ಉಳಿಯಿತು.

ಇನ್ನೊಂದು ತಮಾಷೆ ಇದೆ. ಘಟಕ ನೋಡಿಕೊಳ್ಳುವವನು ಎಲ್ಲರಿಗೂ ಟಿಡಿಎಸ್ ಪೆನ್ನು ಅದ್ದಿ ತೋರಿಸುತ್ತಿದ್ದನಂತೆ, ಜಾತ್ರೆಯ ಜಾದೂಗಾರನ ಹಾಗೆ. ಆ ಪೆನ್ನು ನೀರಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜು ಹೇಳುತ್ತದೆ. ಫಿಲ್ಟರ್ ಆಗಿ ಬಂದ ನೀರಲ್ಲಿ ದಿನದಿಂದ ದಿನಕ್ಕೆ ಅಂಕಿ ಏರಿದರೆ ಒಳಗಿನ ಮೆಂಬ್ರೇನ್ ಸೋತಿದೆ ಅಂತ ತಿಳಿಯಬಹುದು, ಅಷ್ಟು ಉಪಯೋಗ ಇದೆ. ಆದರೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ. ನಿಗದಿಯಾದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ನೂರಾರು ಮಿಲಿಗ್ರಾಂ ಲವಣದ ನಡುವೆ ಆ ಒಂದೆರಡನ್ನು ಪೆನ್ನು ಎಲ್ಲಿಂದ ಹುಡುಕುತ್ತದೆ? ಅದಕ್ಕೆ ಬೇರೆ ಕಿಟ್ ಇದೆ. ಔಷಧಿ ಹಾಕಿದರೆ ಗುಲಾಬಿ ಬಣ್ಣ ಹಳದಿ ಕಡೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಅದೂ ಅಂದಾಜೇ, ಖಚಿತಕ್ಕೆ ಲ್ಯಾಬಿಗೆ ಕಳಿಸಬೇಕು.

ಇಷ್ಟೆಲ್ಲ ಮಾಡಿದವನು ಅರ್ಜಿಯಲ್ಲಿ ಬರೆದದ್ದು 'ಅಪಾರ ಆಸಕ್ತಿ'! ಹರಿದು ಹಾಕಿದೆ. ಹೊಸದಾಗಿ ಬರೆಸಿದ್ದು ಹೀಗಿದೆ:

'ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹದಿನಾಲ್ಕು ದಿನ ಇದ್ದೆ. ನಲ್ವತ್ತು ಮನೆಗಳಿಗೆ ಎರಡೆರಡು ಸಲ ಹೋದೆ. ಮೊದಲ ಸಲ ನನ್ನ ಪ್ರಶ್ನೆಯೇ ತಪ್ಪಾಗಿತ್ತು, ಆ ಉತ್ತರಗಳನ್ನು ಬಿಟ್ಟಿದ್ದೇನೆ. ಎರಡನೇ ಸಲ ಮೂವತ್ತೊಂದು ಮನೆಯವರು ಮುದ್ದೆಗೆ ನಲ್ಲಿ ನೀರು ಅಂದರು. ಆ ನೀರನ್ನು ಕಿಟ್‌ನಲ್ಲಿ ನೋಡಿದಾಗ ಬಣ್ಣ ಲೀಟರಿಗೆ 2 ಮತ್ತು 3 ಮಿಲಿಗ್ರಾಂ ನಡುವೆ ಬಂತು. ಲ್ಯಾಬಿನಲ್ಲಿ ಖಚಿತ ಮಾಡಿಸುವ ಮೊದಲೇ ನನ್ನ ಅವಧಿ ಮುಗಿಯಿತು. ಅಡುಗೆಗೆ ಇನ್ನೊಂದು ಕ್ಯಾನ್ ಒಯ್ಯಿರಿ ಅಂದೆ. ಎರಡು ಮನೆ ಒಯ್ದವು. ಉಳಿದವರು ದುಡ್ಡಿನ ಕಾರಣ ಹೇಳಿದರು, ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ವಿಚಾರಿಸಬೇಕೆಂದರೆ ಊರಿನ ನೀರುಗಂಟಿ ಮತ್ತು ಆಶಾ ಕಾರ್ಯಕರ್ತೆಯ ನಂಬರ್ ಅವರನ್ನು ಕೇಳಿಯೇ ಕೊಟ್ಟಿದ್ದೇನೆ.'

ಹುಡುಗನಿಗೆ ಮುಖ ಸಣ್ಣದಾಯಿತು. "ಎರಡೇ ಮನೆ ಅಂತ ಬರೀಬೇಕಾ ಅಂಕಲ್?" ಬರಿ ಅಂದೆ. ಎರಡು ಅಂದವನು ಎಣಿಸಿದ್ದಾನೆ ಅಂತಾದರೂ ಗೊತ್ತಾಗುತ್ತದೆ.

ಗೆಳೆಯ ಓದಿದ. ತಲೆ ತೂಗಿದ. ಮೇಲಿನವರಿಗೆ ಕಳಿಸಿದ. ಮೇಲಿನವರು ಕೇಳಿದರಂತೆ, "ಇದರಲ್ಲಿ ವಿಷನ್ ಎಲ್ಲಿದೆ?"

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ಆ ಹಳ್ಳಿಗಳಲ್ಲಿ ಈ ನೀರಿಗೆ ಮೂಳೆ ಬಿಗಿದು ಕುತ್ತಿಗೆ ತಿರುಗಿಸಲು ಆಗದೆ, ಕರೆದರೆ ಇಡೀ ಮೈ ತಿರುಗಿಸಿ ನೋಡುವ ಮುದುಕರಿದ್ದಾರೆ. ಪ್ರತಿ ಮಾರ್ಚ್ 22ರ ವಿಶ್ವ ಜಲ ದಿನಕ್ಕೆ ನಾವು ಅವರ ಜಗುಲಿಯ ಮುಂದೆ ಮಕ್ಕಳ ಕೈಗೆ ಬೋರ್ಡ್ ಕೊಟ್ಟು ಉರಿಬಿಸಿಲಲ್ಲಿ ಜಾಥಾ ಹೊರಡಿಸುತ್ತೇವೆ. ಜಾಥಾ ಮುಗಿದ ಮೇಲೆ ಬಾಟಲಿ ನೀರು ಕುಡಿದು ಜೀಪ್ ಹತ್ತುತ್ತೇವೆ. ಆ ಮುದುಕರ ಮನೆಯ ಒಲೆಯ ಮೇಲೆ ಯಾವ ನೀರಿದೆ ಅಂತ ಒಬ್ಬರೂ ಬಗ್ಗಿ ನೋಡಿಲ್ಲ. ನೋಡಿ ಬಂದವನನ್ನು ವಿಷನ್ ಎಲ್ಲಿ ಅಂತ ಕೇಳುತ್ತೇವೆ. ಸಾಕಾಗಿದೆ.

ಹುಡುಗನಿಗೆ ಸಂದರ್ಶನಕ್ಕೆ ಕರೆ ಬಂದಿದೆ, ಅದೊಂದು ಸಮಾಧಾನ. ತರಬೇಕಾದ್ದು, ಅಂಕಪಟ್ಟಿ, ಪಾಸ್‌ಪೋರ್ಟ್ ಸೈಜಿನ ಎರಡು ಫೋಟೋ, ಕ್ಷೇತ್ರಕಾರ್ಯದ ಐದು ಫೋಟೋ, ಬ್ಯಾನರ್ ಕಾಣುವಂತೆ. ಇವನ ಮೊಬೈಲ್‌ನಲ್ಲಿರುವುದು ಹಳದಿಗೆ ತಿರುಗಿದ ಒಂದು ಟ್ಯೂಬಿನ ಫೋಟೋ ಮಾತ್ರ. ಪಾಪ, ನಿನ್ನೆ ಫ್ಲೆಕ್ಸ್ ಅಂಗಡಿಗೆ ಹೋಗಿದ್ದ. ಅಂಗಡಿಯವನು ಏನು ಬರೀಬೇಕು ಅಂತಲೂ ಕೇಳಲಿಲ್ಲವಂತೆ. "ಜಲವೇ ಜೀವ ರೆಡಿ ಇದೆ ತಮ್ಮಾ, ಊರ ಹೆಸರೊಂದು ಹೇಳು."